ಎರಡು ಮಿಲಿಮೀಟರಿನ ಮೇಲೆ ಕುಳಿತ ಭಾವ

ಇವತ್ತು ಬೆಳಿಗ್ಗೆ ವೆಲ್ಡಿಂಗ್ ಮೇಸ್ತ್ರಿ ಬಂದು, ನಮ್ಮ ಉಯ್ಯಾಲೆಯ ಹರಿದುಹೋದ ಕಬ್ಬಿಣದ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಏನೂ ಇಲ್ಲ ಸಾರ್, ಇನ್ನೂ ದಪ್ಪ ಬೋಲ್ಟು ಹಾಕಿಬಿಡೋಣ" ಎಂದರು. ಆ ಮಾತು ಕೇಳಿದಾಗ ಏರಿದ ರಕ್ತದೊತ್ತಡ ಈ ಸಾಲು ಬರೆಯುವಾಗಲೂ ಇಳಿದಿಲ್ಲ.

ನಾನು ಅಂತರಸನಹಳ್ಳಿಯ ಕಡೆ ಕಬ್ಬಿಣದ ಶೆಡ್ಡುಗಳನ್ನು ಮಾಡುವ ಒಂದು ಕಾರ್ಖಾನೆಯಲ್ಲಿ ನಕ್ಷೆ ತಿದ್ದುವ ಕೆಲಸದವನು. ಬೋಲ್ಟಿನ ತೂತು ಪ್ಲೇಟಿನ ಅಂಚಿಗೆ ಎಷ್ಟು ಹತ್ತಿರ ಇರಬಹುದು, ಒಂದು ತೂತಿಗೂ ಮತ್ತೊಂದಕ್ಕೂ ನಡುವೆ ಎಷ್ಟು ಜಾಗ ಬೇಕು ಎಂದು ಕೆಂಪು ಶಾಯಿಯಲ್ಲಿ ಗೀಚಿ ಗೀಚಿ ಇಪ್ಪತ್ತು ವರ್ಷ ಕಳೆದಿದ್ದೇನೆ. ಅಂಥ ನನ್ನ ಮನೆಯ ಉಯ್ಯಾಲೆಯೇ, ಅದೂ ನನ್ನ ಭಾವನವರು ಕುಳಿತಿದ್ದಾಗ, ಅಂಚು ಹರಿದುಕೊಂಡು ಬಿತ್ತು. ಬೀದಿಯಲ್ಲಿ ಸುದ್ದಿ ಹರಡಲು ಹತ್ತು ನಿಮಿಷ ಸಾಕಾಯಿತು.

ಉಯ್ಯಾಲೆ ಹಾಕಿಸಿದ್ದು ಹೋದ ವರ್ಷ. ಪಡಸಾಲೆಯ ಗರ್ಡರಿಗೆ ಎರಡು ಪ್ಲೇಟು ಬೆಸೆದು, ಒಂದೊಂದಕ್ಕೂ ಒಂದು ಕಬ್ಬಿಣದ ಪಟ್ಟಿಯನ್ನು ಎರಡು ಬೋಲ್ಟುಗಳಿಂದ ಕಟ್ಟುವುದು. ಪಟ್ಟಿಯ ಕೆಳತುದಿಯ ತೂತಿನಲ್ಲಿ ಇನ್ನೊಂದು ಬೋಲ್ಟು, ಅದಕ್ಕೆ ಸರಪಳಿ, ಸರಪಳಿಗೆ ಹಲಗೆ. ಇಷ್ಟೇ ಕೆಲಸ. ನಾನು ಅಂದು ಕಾರ್ಖಾನೆಗೆ ಹೋಗಿದ್ದೆ. ಸಂಜೆ ಬಂದು ನೋಡಿದರೆ ಉಯ್ಯಾಲೆ ತೂಗುತ್ತಿತ್ತು, ಮನೆಯವಳು ಅದರ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಆ ದೃಶ್ಯ ಚೆನ್ನಾಗಿತ್ತು. ಏಣಿ ಹತ್ತಿ ಅಳೆಯುವ ಮನಸ್ಸಾಗಲಿಲ್ಲ. ತಪ್ಪು ಅಲ್ಲಿಂದಲೇ ಶುರು.

ನಮ್ಮ ಮೇಸ್ತ್ರಿಯ ಕೈ ಒಳ್ಳೆಯದು. ವೆಲ್ಡಿಂಗ್ ಗೆರೆ ಎಳೆದರೆ ರಂಗೋಲಿಯ ಹಾಗೆ ಇರುತ್ತದೆ. ಆದರೆ ಟೇಪು ಕಂಡರೆ ಅವರಿಗಾಗದು. ಅಳತೆಯೆಲ್ಲ ಬೆರಳಿನಲ್ಲಿ. ಉದ್ದ ಇಷ್ಟು ಗೇಣು, ಅಗಲ ಇಷ್ಟು ಬೆರಳು, ಸಂದು ಒಂದು ಬೀಡಿಯಷ್ಟು. ಏನು ಕೇಳಿದರೂ "ಏನೂ ಆಗುವುದಿಲ್ಲ ಸಾರ್" ಎಂಬ ಒಂದೇ ಉತ್ತರ. ಜೊತೆಗೆ ದಪ್ಪದ ಮೇಲೆ ಅಪಾರ ನಂಬಿಕೆ. ನಾನು ಚೀಟಿಯಲ್ಲಿ 12 ಮಿಲಿಮೀಟರ್ ಬೋಲ್ಟು ಎಂದು ಬರೆದಿದ್ದೆ. ಅವರು ನನ್ನ ಮೇಲಿನ ಪ್ರೀತಿಯಿಂದ 16 ಹಾಕಿದ್ದರು. ಪಟ್ಟಿ ಮಾತ್ರ ನಾನು ಬರೆದ 40 ಮಿಲಿಮೀಟರ್ ಅಗಲದ್ದೇ.

ನನ್ನ ಗೋಳು ಇರುವುದು ಇಲ್ಲಿಯೇ. ಬೋಲ್ಟು ದಪ್ಪವಾದರೆ ತೂತೂ ದೊಡ್ಡದಾಗುತ್ತದೆ. 12ರ ಬೋಲ್ಟಿಗೆ 13ರ ತೂತು ಸಾಕು, 16ಕ್ಕೆ 18 ಬೇಕು. ತೂತು ಎಂದರೆ ಅಲ್ಲಿ ಕಬ್ಬಿಣ ಇಲ್ಲ ಎಂದು ಅರ್ಥ. ಬೋಲ್ಟಿಗೆ ಬಲ ಕೊಡಲು ಹೋಗಿ ಪಟ್ಟಿಯ ಬಲವನ್ನು ಕೊರೆದು ಹೊರಗೆ ಬಿಸಾಡಿದ ಹಾಗೆ.

ಎಷ್ಟು ಉಳಿಸಬೇಕೆಂದು ನಮ್ಮ ದೇಶದ ಉಕ್ಕಿನ ಕಟ್ಟಡಗಳ ಸಂಹಿತೆ, IS 800:2007, ಹೇಳುತ್ತದೆ. ತೂತಿನ ನಡುಬಿಂದುವಿನಿಂದ ಅಂಚಿನವರೆಗೆ, ತೂತಿನ ವ್ಯಾಸದ ಒಂದೂವರೆ ಪಟ್ಟಾದರೂ ಇರಬೇಕು. ಇದು ಕಾರ್ಖಾನೆಯಲ್ಲಿ ಉರುಳಿಸಿ ಬಂದ, ಗರಗಸದಲ್ಲಿ ಕೊಯ್ದ ಅಥವಾ ಯಂತ್ರದ ಗ್ಯಾಸಿನಲ್ಲಿ ಕತ್ತರಿಸಿದ ನಯವಾದ ಅಂಚಿನ ಮಾತು. ಶಿಯರಿಂಗ್ ಯಂತ್ರದಲ್ಲಿ ಕಚ್ಚಿ ತುಂಡು ಮಾಡಿದ್ದರೆ, ಇಲ್ಲವೇ ಕೈಯಲ್ಲಿ ಗ್ಯಾಸ್ ಹಿಡಿದು ಕೊಯ್ದಿದ್ದರೆ, 1.7 ಪಟ್ಟು ಬೇಕು. ಶಿಯರಿಂಗ್ ಯಂತ್ರ ಕಬ್ಬಿಣವನ್ನು ಕೊಯ್ಯುವುದಿಲ್ಲ, ಜಜ್ಜಿ ಹರಿಯುತ್ತದೆ. ಆ ಅಂಚು ಗಡುಸಾಗಿ, ಕಣ್ಣಿಗೆ ಕಾಣದ ಸಣ್ಣ ಬಿರುಕುಗಳನ್ನು ಇಟ್ಟುಕೊಂಡಿರುತ್ತದೆ. ಕೈಯಲ್ಲಿ ಕೊಯ್ದ ಗೆರೆ ಹಾವಿನ ಹಾಗೆ ಡೊಂಕು. ಅದಕ್ಕೆ ಆ ಹೆಚ್ಚುವರಿ ದಂಡ.

ನಮ್ಮ ಪಟ್ಟಿಗೆ ಈ ಲೆಕ್ಕ ಹಾಕಿ. ಎರಡೂ ಪಕ್ಕದ ಅಂಚು ಕಾರ್ಖಾನೆಯದೇ, ನಯವಾದದ್ದು. 13ರ ತೂತಿಗೆ ಒಂದೂವರೆ ಪಟ್ಟೆಂದರೆ 19.5 ಮಿಲಿಮೀಟರ್, 40ರ ಪಟ್ಟಿಯ ಅರ್ಧ 20. ಕೂದಲೆಳೆಯಲ್ಲಿ ಪಾಸು. ನಾನು 12ರ ಬೋಲ್ಟು ಬರೆದದ್ದು ಜಿಪುಣತನದಿಂದಲ್ಲ. 18ರ ತೂತಿಗೆ ಪ್ರತಿ ಪಕ್ಕಕ್ಕೂ 27 ಬೇಕು, ಅಂದರೆ ಪಟ್ಟಿ 54 ಮಿಲಿಮೀಟರ್ ಅಗಲ ಇರಬೇಕು. ಇದ್ದದ್ದು 40. ಇನ್ನು ಕೆಳತುದಿ, ಸರಪಳಿ ಎಳೆಯುವ ದಿಕ್ಕು. ಅದು ಶಿಯರಿಂಗ್ ಯಂತ್ರದಲ್ಲಿ ಕಚ್ಚಿದ ಅಂಚು, 1.7 ಪಟ್ಟಿನಂತೆ 31 ಮಿಲಿಮೀಟರ್ ಇರಬೇಕಿತ್ತು. ಮೇಸ್ತ್ರಿ ಇಟ್ಟದ್ದು 11. ಅದರಲ್ಲಿ ತೂತಿನ ಅರ್ಧ ವ್ಯಾಸ 9 ಹೋದರೆ, ಬೋಲ್ಟಿನ ಕೆಳಗೆ ಉಳಿದ ಕಬ್ಬಿಣ 2 ಮಿಲಿಮೀಟರ್. ಚಕ್ಕುಲಿಯ ಎಳೆ ಅದಕ್ಕಿಂತ ದಪ್ಪ ಇರುತ್ತದೆ.

ಮೇಲಿನ ಎರಡು ಬೋಲ್ಟುಗಳದ್ದು ಇನ್ನೊಂದು ಕಥೆ. ಅವುಗಳ ನಡುವಿನ ಅಂತರಕ್ಕೆ ಪಿಚ್ ಎನ್ನುತ್ತಾರೆ. ಕನಿಷ್ಠ ಬೋಲ್ಟಿನ ವ್ಯಾಸದ ಎರಡೂವರೆ ಪಟ್ಟು. ಅಂಚಿಗೆ ತೂತಿನ ವ್ಯಾಸ ಹಿಡಿಯಬೇಕು, ಪಿಚ್ಚಿಗೆ ಬೋಲ್ಟಿನ ವ್ಯಾಸ ಹಿಡಿಯಬೇಕು. ಇದನ್ನು ಅದಲುಬದಲು ಮಾಡುವ ಹೊಸ ಹುಡುಗರಿಗೆ ನಾನು ಬೈಯುತ್ತಲೇ ಇರುತ್ತೇನೆ. 16ರ ಬೋಲ್ಟಿಗೆ 40 ಮಿಲಿಮೀಟರ್ ಆಗಬೇಕಿತ್ತು, ಮೇಸ್ತ್ರಿ ಕೊರೆದದ್ದು 25ಕ್ಕೆ. ಆ ಬೋಲ್ಟಿನ ವಾಷರ್ 30 ಮಿಲಿಮೀಟರ್ ಅಗಲ. ಹಾಗಾಗಿ ಎರಡು ವಾಷರುಗಳು ಕಿಕ್ಕಿರಿದ ಬಸ್ಸಿನ ಸೀಟಿನಲ್ಲಿ ಕುಳಿತವರಂತೆ ಒಂದರ ತೊಡೆಯ ಮೇಲೆ ಇನ್ನೊಂದು ಏರಿ ಕುಳಿತಿದ್ದವು. 24ರ ಸ್ಪ್ಯಾನರ್ ನಟ್ಟಿನ ಸುತ್ತ ತಿರುಗಲು ಜಾಗವೇ ಇರಲಿಲ್ಲ. ಎರಡನೆಯ ನಟ್ಟನ್ನು ಉಳಿ ಇಟ್ಟು ಸುತ್ತಿಗೆಯಲ್ಲಿ ಬಡಿದು ಬಿಗಿ ಮಾಡಿದ್ದರೆಂದು ಅದರ ಮೈಮೇಲಿನ ಗಾಯಗಳೇ ಹೇಳುತ್ತಿದ್ದವು. ಎರಡೂವರೆ ಪಟ್ಟಿನ ನಿಯಮ ಇರುವುದು ತೂತುಗಳ ನಡುವೆ ಸಾಕಷ್ಟು ಕಬ್ಬಿಣ ಉಳಿಯಲಿ ಎಂದಷ್ಟೇ ಅಲ್ಲ, ಮನುಷ್ಯನ ಕೈಗೂ ಸ್ಪ್ಯಾನರಿಗೂ ಜಾಗ ಇರಲಿ ಎಂದು ಕೂಡ.

ಅಂಚು ಸೋಲುವಾಗ ಮುನ್ಸೂಚನೆ ಕೊಡುತ್ತದೆ. ಮೊದಲು ಗುಂಡಗಿನ ತೂತು ಎಳೆತದ ದಿಕ್ಕಿಗೆ ಮೊಟ್ಟೆಯಾಕಾರ ತಾಳುತ್ತದೆ. ಆಮೇಲೆ ಪಟ್ಟಿಯ ತುದಿ ಸಣ್ಣಗೆ ಉಬ್ಬುತ್ತದೆ. ಉಬ್ಬಿನ ಮೇಲಿನ ಬಣ್ಣ ಅರ್ಧಚಂದ್ರದಂತೆ ಬಿರಿಯುತ್ತದೆ. ಇಷ್ಟೆಲ್ಲ ತಿಳಿದ ನಾನು, ಯುಗಾದಿಗೆ ಮುಂಚೆ ಏಣಿ ಹತ್ತಿದಾಗ ಆ ಅರ್ಧಚಂದ್ರವನ್ನು ಕಂಡು, ಬಣ್ಣ ಸರಿಯಿಲ್ಲ ಎಂದು ಅಂಗಡಿಯವನನ್ನು ಬೈದುಕೊಂಡು, ಅದರ ಮೇಲೆ ಎರಡು ಕೋಟು ಹಸಿರು ಬಳಿದೆ. ಈ ಮಾತನ್ನು ಕಾರ್ಖಾನೆಯಲ್ಲಿ ಯಾರಿಗೂ ಹೇಳಿಲ್ಲ.

ಹೋದ ಭಾನುವಾರ ಮಧುಗಿರಿಯಿಂದ ಅಕ್ಕ ಮತ್ತು ಭಾವ ಬಂದರು. ಭಾವನವರು ತೊಂಬತ್ತು ಕಿಲೋ ಭಾರದ ನಿವೃತ್ತ ಮುಖ್ಯೋಪಾಧ್ಯಾಯರು. ಊಟವಾದ ಮೇಲೆ ಉಯ್ಯಾಲೆಯಲ್ಲಿ ಕೂರುವುದು ಅವರ ಪದ್ಧತಿ. ಅವರು ಕೂರುವುದೇ ಒಂದು ಸಮಾರಂಭ. ಮೊದಲು ಪಂಚೆಯನ್ನು ಮಂಡಿಗೆ ಎತ್ತಿಕೊಳ್ಳುತ್ತಾರೆ, ಹಲಗೆಯನ್ನು ಅಂಗೈಯಲ್ಲಿ ಒಮ್ಮೆ ಒರೆಸುತ್ತಾರೆ, ಬೆನ್ನು ತಿರುಗಿಸಿ ಅಂದಾಜು ಹಾಕುತ್ತಾರೆ, ಆಮೇಲೆ "ಶಿವಾ" ಎಂದು ಒಂದೇ ಸಲಕ್ಕೆ ಭಾರ ಬಿಡುತ್ತಾರೆ. ನಿಧಾನವಾಗಿ ಇಟ್ಟ ತೂಕಕ್ಕಿಂತ ದೊಪ್ಪನೆ ಬಿಟ್ಟ ತೂಕ ಪಟ್ಟಿಗೆ ದುಪ್ಪಟ್ಟೋ ಇನ್ನೂ ಹೆಚ್ಚೋ ಆಗಿ ತಾಕುತ್ತದೆ.

ಕಾಫಿ ಬಂತು. ಭಾವ ಲೋಟ ಹಿಡಿದು, ಕಾಲಿನಿಂದ ನೆಲವನ್ನು ಮೆಲ್ಲಗೆ ಒತ್ತಿ ತೂಗುತ್ತಾ, "ಈಗಿನ ಹುಡುಗರಿಗೆ ಗಣಿತದ ತಳಪಾಯವೇ ಗಟ್ಟಿಯಿಲ್ಲ ಕಣಯ್ಯ" ಎಂದು ಶುರು ಮಾಡಿದರು. ಮೇಲೆ 'ಟಕ್' ಎಂಬ ಸಣ್ಣ ಸದ್ದು. ಎಡಗಡೆಯ ಪಟ್ಟಿಯ ತುದಿ ಬಿಚ್ಚಿಕೊಂಡಿತು, ಬೋಲ್ಟು ಸರಪಳಿಯ ಸಮೇತ ಕೆಳಗೆ ಬಂತು, ಹಲಗೆ ಜಾರುಬಂಡೆಯಾಯಿತು. ಬಲಗಡೆಯ ಪಟ್ಟಿ ಹಿಡಿದುಕೊಂಡಿದ್ದರಿಂದ ಭಾವ ಒಮ್ಮೆಗೇ ಬೀಳಲಿಲ್ಲ. ಗಂಭೀರವಾಗಿ, ಮುಖದ ಭಾವ ಒಂದಿಷ್ಟೂ ಬದಲಾಗದೆ, ಮೇಲಿನಿಂದ ಕೆಳಕ್ಕೆ ಜಾರಿಕೊಂಡು ಬಂದು ನೆಲದ ಮೇಲೆ ಕುಳಿತರು. ಬಿದ್ದದ್ದು ಒಂದೂವರೆ ಅಡಿ. ಕೈಯಲ್ಲಿದ್ದ ಲೋಟದಿಂದ ಒಂದು ಹನಿ ಕಾಫಿಯೂ ಚೆಲ್ಲಿರಲಿಲ್ಲ. ಕುಳಿತಲ್ಲೇ ಒಂದು ಗುಟುಕು ಕುಡಿದು, "ತಳಪಾಯ" ಎಂದು ಮಾತು ಮುಂದುವರಿಸಲು ನೋಡಿದರು. ಅಕ್ಕ ನಕ್ಕುಬಿಟ್ಟಳು. ಅದು ಅವರ ಬೆನ್ನಿಗಿಂತ ಹೆಚ್ಚು ನೋಯಿಸಿತು.

"ರೀ, ನೀವು ದಿನಾ ಕಾರ್ಖಾನೆಯಲ್ಲಿ ಇದನ್ನೇ ಅಲ್ಲವೇ ನೋಡುವುದು?" ಎಂದು ಮನೆಯವಳು ಕೇಳಿದಳು. ನಾನು ನೆಲದ ಮೇಲೆ ವಾಷರ್ ಹುಡುಕುವವನಂತೆ ಬಗ್ಗಿದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಬಚ್ಚಲಿಗೆ ಹೋದಾಗ ಅಮ್ಮನ ತವರಿನಿಂದ ಬಂದ ತಾಮ್ರದ ಕೊಪ್ಪರಿಗೆ ಕಣ್ಣಿಗೆ ಬಿತ್ತು. ನೀರು ತುಂಬಿದರೆ ಇಬ್ಬರು ಎತ್ತಬೇಕು. ಅದರ ಹಿಡಿಗಳನ್ನು ರಿವೆಟ್ಟುಗಳಿಂದ ಕೂರಿಸಿದ್ದಾರೆ. ಸ್ಕೇಲು ತಂದು ಅಳೆದೆ. ಸುಮಾರು 6 ಮಿಲಿಮೀಟರಿನ ರಿವೆಟ್ಟು. ನಡುವಿನಿಂದ ಹಿಡಿಯ ಅಂಚಿಗೆ 12, ರಿವೆಟ್ಟಿನಿಂದ ರಿವೆಟ್ಟಿಗೆ 20. ಎರಡೂ ಕನಿಷ್ಠಕ್ಕಿಂತ ಧಾರಾಳ. ಆ ಕಂಚುಗಾರನೂ ಬೆರಳಿನಲ್ಲೇ ಅಳೆದಿರಬೇಕು. ಅಮ್ಮ ಮದುವೆಯಾಗಿ ಬಂದಾಗಿನಿಂದ ದಿನಾ ಬೆಳಗಿನ ಜಾವ ಈ ಹಿಡಿಯನ್ನು ಹಿಡಿದೆಳೆಯುತ್ತಿದ್ದಳು. ಒಂದು ರಿವೆಟ್ಟೂ ಅಲುಗಿಲ್ಲ. ಹಿಡಿಯ ಒಳಭಾಗ ಮಾತ್ರ ಅವಳ ಬೆರಳುಗಳಿಗೆ ಸವೆದು ನುಣುಪಾಗಿದೆ. ಸ್ವಲ್ಪ ಹೊತ್ತು ಅಲ್ಲೇ ಸ್ಕೇಲು ಹಿಡಿದು ನಿಂತಿದ್ದೆ.

ಹಾಗಾಗಿ ಇವತ್ತು ಮೇಸ್ತ್ರಿಯ ಬೆರಳಿಗೆ ಬೈಯಲಿಲ್ಲ. "ಎರಡು ಮಿಲಿ ಬಿಟ್ಟಿದ್ದೆನಲ್ಲ ಸಾರ್" ಎಂದರು. ಅವರು ತೂತಿನ ದಡದಿಂದ ಅಳೆದಿದ್ದರು, ಅಳೆಯಬೇಕಾದದ್ದು ನಡುವಿನಿಂದ. ಹೊಸ 40ರ ಪಟ್ಟಿಯ ಮೇಲೆ ನಾನೇ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. 12ರ ಬೋಲ್ಟು, 13ರ ತೂತು. ಕೆಳತುದಿಗೆ ಕನಿಷ್ಠ 22.1 ಸಾಕಾಗಿತ್ತು, 40 ಕೊಟ್ಟೆ. ಕನಿಷ್ಠ ಎಂದರೆ ಪಾಸಾಗುವ ಅಂಕ ಅಷ್ಟೇ. ಆ ಕನಿಷ್ಠ ಅಂತರದಲ್ಲಿ ಬೋಲ್ಟಿನ ಒತ್ತಡ ತಡೆಯುವ ಪ್ಲೇಟಿನ ಶಕ್ತಿಯನ್ನು ಸಂಹಿತೆ ಸುಮಾರು ಅರ್ಧಕ್ಕೆ ಕಡಿದು ಲೆಕ್ಕ ಹಾಕುತ್ತದೆ. ತೂತಿನ ವ್ಯಾಸದ ಮೂರು ಪಟ್ಟು ಬಿಟ್ಟರೆ ಅಂಚಿನ ನೆಪದಲ್ಲಿ ಆಗುವ ಆ ಕಡಿತ ತಪ್ಪುತ್ತದೆ. ಮೇಲಿನ ಜೋಡಿಗೆ 30 ಸಾಕಿತ್ತು, 40 ಇಟ್ಟೆ. ಸ್ಪ್ಯಾನರ್ ಸುಖವಾಗಿ ತಿರುಗಿತು.

"ಇಷ್ಟು ಸಣ್ಣ ಬೋಲ್ಟು ತಡೆಯುತ್ತದಾ ಸಾರ್?" ಎಂದು ಮೇಸ್ತ್ರಿ ನಿಜವಾದ ಕಳಕಳಿಯಿಂದ ಕೇಳಿದರು. ಸಾಮಾನ್ಯ 4.6 ದರ್ಜೆಯ ಬೋಲ್ಟಾದರೂ ಅಡ್ಡ ಕತ್ತರಿಸಲು ಲೆಕ್ಕದ ಪ್ರಕಾರ ಒಂದೂವರೆ ಟನ್ ತೂಕ ಬೇಕು ಎಂದೆ. ಅವರು ಬೋಲ್ಟನ್ನು ಬೆರಳುಗಳ ನಡುವೆ ಉರುಳಿಸಿ ನೋಡಿ, ನಂಬದೆ ಸುಮ್ಮನಾದರು.

ಸಂಜೆ ಅಕ್ಕನಿಗೆ ಫೋನ್ ಮಾಡಿ, ಉಯ್ಯಾಲೆ ಸರಿಯಾಗಿದೆ, ಮುಂದಿನ ಭಾನುವಾರ ಬನ್ನಿ ಎಂದೆ. ಫೋನು ಭಾವನವರ ಕೈಗೆ ಹೋಯಿತು. ಸ್ವಲ್ಪ ಹೊತ್ತು ಯೋಚಿಸಿ, "ಬರುತ್ತೇವೆ. ನೀನು ಮೊದಲು ಕೂರು" ಎಂದರು.