ಕರಗಿಸುವವರ ಕಾಲ

ಕನ್ನಡದಲ್ಲಿ ಬೆಣ್ಣೆ ಕರಗುತ್ತದೆ, ಬೆಲ್ಲ ಕರಗುತ್ತದೆ, ಮೋಡ ಕರಗುತ್ತದೆ, ಗಟ್ಟಿಗರ ಮನಸ್ಸೂ ಒಮ್ಮೊಮ್ಮೆ ಕರಗುತ್ತದೆ. ಈಗ ಈ ಸಾಲಿಗೆ ಹೊಟ್ಟೆಯೂ ಸೇರಿದೆ. ನಮ್ಮ ಬಡಾವಣೆಯ ಉದ್ಯಾನದ ಗೇಟಿನ ಪಕ್ಕದಲ್ಲಿರುವ ವಿದ್ಯುತ್ ಕಂಬಕ್ಕೆ, ಬಾಡಿಗೆ ಮನೆ ಮತ್ತು ಬೋರ್‌ವೆಲ್ ರಿಪೇರಿಯ ಚೀಟಿಗಳ ನಡುವೆ, “21 ದಿನಗಳಲ್ಲಿ ಹೊಟ್ಟೆ ಕರಗಿಸಿ” ಎಂಬ ಹಳದಿ ಚೀಟಿಯೊಂದನ್ನು ಅಂಟಿಸಲಾಗಿದೆ. ಹೊಟ್ಟೆ ಕರಗಿ ಎಲ್ಲಿಗೆ ಹರಿದುಹೋಗುತ್ತದೆ ಎಂಬುದನ್ನು ಮಾತ್ರ ಚೀಟಿ ತಿಳಿಸುವುದಿಲ್ಲ. ಬಡಾವಣೆಯ ಒಳಚರಂಡಿಯ ಸ್ಥಿತಿಯನ್ನು ಬಲ್ಲ ನನಗೆ ಅದೇ ಮೊದಲ ಚಿಂತೆಯಾಯಿತು.

ಈ ಚಿಂತೆಗೆ ಕಾರಣವಿಲ್ಲ ಎಂದು ಶರೀರಶಾಸ್ತ್ರ ಹೇಳುತ್ತದೆ. ನಮ್ಮ ದೇಹದ ಉಷ್ಣತೆ ಸುಮಾರು 37 ಡಿಗ್ರಿ. ಆ ಉಷ್ಣತೆಯಲ್ಲಿ ಮನುಷ್ಯನ ಕೊಬ್ಬು ತನ್ನ ಜೀವಕೋಶಗಳ ಒಳಗೆ ಎಣ್ಣೆಯ ಹನಿಯಂತೆ ದ್ರವರೂಪದಲ್ಲಿಯೇ ಇರುತ್ತದೆ. ಎಂದರೆ, ನಾವು ಹಣ ಕೊಟ್ಟು ಕರಗಿಸಲು ಹೊರಟಿರುವುದು ಹುಟ್ಟಿದಂದಿನಿಂದಲೂ ಕರಗಿಯೇ ಇರುವ ವಸ್ತುವನ್ನು. ಕೊಬ್ಬು ಕಡಿಮೆಯಾಗಬೇಕಾದರೆ ಅದು ಕರಗಬೇಕಾಗಿಲ್ಲ, ಉರಿಯಬೇಕು. ಆದರೆ “ಹೊಟ್ಟೆ ಉರಿಸಿ” ಎಂದು ಚೀಟಿ ಅಚ್ಚು ಹಾಕಿಸಿದರೆ ಅರ್ಥವೇ ಬೇರೆಯಾಗಿಬಿಡುತ್ತದೆ ಎಂಬ ವ್ಯಾಪಾರದ ಕಷ್ಟವನ್ನು ನಾನು ಒಪ್ಪುತ್ತೇನೆ.

ಈ ಚೀಟಿಯ ಮೊದಲ ಶಿಷ್ಯರು ನಮ್ಮ ನೆರೆಯವರು. ಅವರು ಲೆಕ್ಕಪತ್ರ ಶಾಖೆಯಲ್ಲಿ ಅಧೀಕ್ಷಕರಾಗಿದ್ದು ನಿವೃತ್ತರಾದವರು. ಮೂವತ್ತು ವರ್ಷ ಇತರರ ಪ್ರಯಾಣ ಭತ್ಯೆಯ ಬಿಲ್ಲುಗಳಲ್ಲಿ ನಾಲ್ಕಾಣೆಯ ತಪ್ಪನ್ನೂ ಬಿಡದೆ ಹಿಡಿದವರು. ತಮ್ಮ ತೂಕಕ್ಕೂ ಅವರು ಕೆಂಪು ರಟ್ಟಿನ ಒಂದು ಪುಸ್ತಕ ಇಟ್ಟು, ಎಡಕ್ಕೆ ಜಮಾ, ಬಲಕ್ಕೆ ಖರ್ಚು ಎಂದು ಗೆರೆ ಎಳೆದಿದ್ದಾರೆ. ಆ ಪುಸ್ತಕವನ್ನು ನೋಡುವ ಭಾಗ್ಯ ನನ್ನದಾದ್ದರಿಂದ ಈ ಬರಹ.

ಪುಸ್ತಕದ ಮೊದಲ ಪುಟಗಳು ಹೊಟ್ಟೆಯ ವ್ಯಾಯಾಮಕ್ಕೆ ಮೀಸಲು. ಮಲಗಿ ಏಳುವ ವ್ಯಾಯಾಮ ದಿನಕ್ಕೆ ನೂರು. ಪಕ್ಕದಲ್ಲಿ ಸೊಂಟದ ಅಳತೆ. ಹೊಟ್ಟೆಯ ಸ್ನಾಯು ದುಡಿದರೆ ಅದರ ಮೇಲೆ ಕುಳಿತಿರುವ ಕೊಬ್ಬನ್ನೇ ಅದು ತಿನ್ನುತ್ತದೆ ಎಂಬುದು ಇದರ ಹಿಂದಿನ ತತ್ತ್ವ. ಮನೆಯ ಮುಂದೆ ಬಿದ್ದ ಕಸವನ್ನು ಆ ಮನೆಯವರೇ ಗುಡಿಸಬೇಕು ಎಂಬಷ್ಟು ನ್ಯಾಯಸಮ್ಮತವಾದ ಈ ತತ್ತ್ವಕ್ಕೆ ದೇಹ ಮಾತ್ರ ಬೆಲೆ ಕೊಡುವುದಿಲ್ಲ. ಅಲ್ಲಿಯ ಆಡಳಿತ ಖಜಾನೆಯ ಮಾದರಿಯದು. ದೇಹಕ್ಕೆ ಶಕ್ತಿ ಬೇಕೆನಿಸಿದಾಗ ಹಾರ್ಮೋನುಗಳ ಆದೇಶ ರಕ್ತದ ಮೂಲಕ ಎಲ್ಲ ಕೊಬ್ಬಿನ ಕೋಶಗಳಿಗೂ ಹೋಗುತ್ತದೆ. ಅವು ಕೊಬ್ಬನ್ನು ಒಡೆದು ಕೊಬ್ಬಿನ ಆಮ್ಲಗಳನ್ನು ರಕ್ತಕ್ಕೆ ಬಿಡುತ್ತವೆ. ದುಡಿಯುವ ಸ್ನಾಯು, ಅದು ಎಲ್ಲಿಯದೇ ಆಗಿರಲಿ, ರಕ್ತದಿಂದ ತನ್ನ ಪಾಲನ್ನು ಎತ್ತಿಕೊಳ್ಳುತ್ತದೆ. ಯಾವ ಜಾಗದ ದಾಸ್ತಾನು ಮೊದಲು ಇಳಿಯಬೇಕು ಎಂಬುದನ್ನು ವಂಶ, ವಯಸ್ಸು ಮತ್ತು ಹೆಣ್ಣು ಗಂಡೆಂಬ ಭೇದ ತೀರ್ಮಾನಿಸುತ್ತವೆಯೇ ಹೊರತು ನಾವು ಮಾಡುವ ವ್ಯಾಯಾಮವಲ್ಲ. ಬಹಳ ಜನರಲ್ಲಿ ಮುಖ ಮೊದಲು ಸೊರಗುತ್ತದೆ. “ಯಾಕೆ, ಹುಷಾರಿಲ್ಲವೇ?” ಎಂದು ಬಂಧುಗಳು ಕೇಳುವಷ್ಟಾದರೂ ಹೊಟ್ಟೆ ಮಾತ್ರ ಅಲ್ಲಾಡದೆ ಕುಳಿತಿರುವುದು ಇದರಿಂದಲೇ.

ಇದನ್ನು ಪರೀಕ್ಷಿಸಿ ನೋಡಿದವರೂ ಇದ್ದಾರೆ. 1971ರಲ್ಲಿ ಅಮೆರಿಕದ ವೈದ್ಯರು ಟೆನಿಸ್ ಆಟಗಾರರ ಎರಡೂ ತೋಳುಗಳನ್ನು ಅಳೆದರು. ವರ್ಷಗಟ್ಟಲೆ ರಾಕೆಟ್ ಬೀಸಿದ ತೋಳಿನ ಸ್ನಾಯು ದಪ್ಪವಾಗಿತ್ತು. ಚರ್ಮದಡಿಯ ಕೊಬ್ಬಿನ ಪದರ ಮಾತ್ರ ಎರಡೂ ತೋಳುಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು. 1984ರ ಇನ್ನೊಂದು ಅಧ್ಯಯನದಲ್ಲಿ ಭಾಗವಹಿಸಿದವರು 27 ದಿನಗಳಲ್ಲಿ ತಲಾ ಐದು ಸಾವಿರ ಸಲ ಮಲಗಿ ಎದ್ದರು. ಹೊಟ್ಟೆ, ಬೆನ್ನು ಮತ್ತು ಪೃಷ್ಠದ ಕೊಬ್ಬಿನ ಕೋಶಗಳನ್ನು ಸೂಜಿಯಿಂದ ತೆಗೆದು ನೋಡಿದಾಗ, ಹೊಟ್ಟೆಗೆಂದು ಯಾವ ವಿಶೇಷ ರಿಯಾಯಿತಿಯೂ ಸಿಕ್ಕಿರಲಿಲ್ಲ. ಅಲ್ಪಸ್ವಲ್ಪ ಸ್ಥಳೀಯ ವ್ಯತ್ಯಾಸ ಕಂಡ ಚಿಕ್ಕ ಪ್ರಯೋಗಗಳು ಆಗೊಂದು ಈಗೊಂದು ಬಂದಿವೆಯಾದರೂ ಕಂಬದ ಚೀಟಿಯ ಭರವಸೆಯನ್ನು ಹೊರುವಷ್ಟು ಬಲ ಅವುಗಳಿಗಿಲ್ಲ. ಅಧೀಕ್ಷಕರ ಹೊಟ್ಟೆಯ ಸ್ನಾಯು ಗಟ್ಟಿಯಾದದ್ದು ನಿಜ. ಆದರೆ ಅದು ಕೊಬ್ಬಿನ ಹಿಂದೆ ಇದ್ದುದರಿಂದ ಯಾರ ಕಣ್ಣಿಗೂ ಬೀಳಲಿಲ್ಲ.

ಎರಡನೆಯ ವಾರ ಬೆವರಿನ ಅಧ್ಯಾಯ. ಮೇ ತಿಂಗಳ ಬೆಳಗ್ಗೆ ಅಧೀಕ್ಷಕರು ಪ್ಲಾಸ್ಟಿಕ್ ಜಾಕೆಟ್ ತೊಟ್ಟು, ಸೊಂಟಕ್ಕೆ ರಬ್ಬರ್ ಪಟ್ಟಿ ಬಿಗಿದು, ಹಬೆಯಲ್ಲಿಟ್ಟ ಕಡುಬಿನಂತೆ ಉದ್ಯಾನವನ್ನು ಸುತ್ತುತ್ತಿದ್ದರು. ಮನೆಗೆ ಬಂದೊಡನೆ ತಕ್ಕಡಿಯ ಮೇಲೆ ನಿಂತು ನನ್ನನ್ನು ಕೂಗಿ ಕರೆದರು.

“ನೋಡಿ ಸ್ವಾಮಿ, ಹೋಗುವಾಗ 78.4, ಬರುವಾಗ 77.6. ಐವತ್ತು ನಿಮಿಷದಲ್ಲಿ ಎಂಟುನೂರು ಗ್ರಾಂ ಖರ್ಚು!”

ಲೆಕ್ಕದವರ ಎದುರಿಗೆ ಲೆಕ್ಕ ಮಾಡುವುದು ಅಧಿಕಪ್ರಸಂಗವೆಂದು ತಿಳಿದೂ ನಾನು ಮಾಡಿದೆ. ಅವರ ತೂಕದವರು ಐವತ್ತು ನಿಮಿಷ ಬಿರುಸಾಗಿ ನಡೆದರೆ ಖರ್ಚಾಗುವುದು ಸುಮಾರು 250 ಕ್ಯಾಲೊರಿ. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಅಡಗಿರುವುದು ಸುಮಾರು 7,700 ಕ್ಯಾಲೊರಿ. ಅಷ್ಟೂ ಶಕ್ತಿ ಕೊಬ್ಬಿನಿಂದಲೇ ಬಂದಿತೆಂದು ಉದಾರವಾಗಿ ಒಪ್ಪಿಕೊಂಡರೂ ಹೋದದ್ದು 35 ಗ್ರಾಮಿನ ಒಳಗೆ. ಉಳಿದ ಏಳುನೂರ ಚಿಲ್ಲರೆ ಗ್ರಾಂ ಬರೀ ನೀರು, ಒಂದಿಷ್ಟು ಉಪ್ಪು. ಬೆವರು ದೇಹವನ್ನು ತಣ್ಣಗಾಗಿಸುವ ಏರ್ಪಾಡು. ಆರಿದರೆ ಮಾತ್ರ ಅದು ತಂಪು ತರುತ್ತದೆ. ಪ್ಲಾಸ್ಟಿಕ್ ಹೊದ್ದವರ ಬೆವರು ಆರದು, ದೇಹ ಕಾಯುತ್ತಲೇ ಹೋಗುತ್ತದೆ, ಬೆವರು ಮತ್ತಷ್ಟು ಹರಿಯುತ್ತದೆ. ನನ್ನ ಲೆಕ್ಕ ಮುಗಿಯುವುದರೊಳಗೆ ಅಧೀಕ್ಷಕರು ಮೂರು ಲೋಟ ನೀರು ಕುಡಿದು, ಏಳುನೂರು ಗ್ರಾಮನ್ನು ಜಮಾ ಕಾಲಮ್ಮಿಗೆ ತಾವಾಗಿಯೇ ಹಿಂತಿರುಗಿಸಿದ್ದರು. ಅದನ್ನು ಮಾತ್ರ ಪುಸ್ತಕದಲ್ಲಿ ಬರೆಯಲಿಲ್ಲ.

ನೀರಿನ ತೂಕ ಎಷ್ಟು ಬೇಗ ಮರಳುತ್ತದೆ ಎಂಬುದನ್ನು 2024ರ ಆಗಸ್ಟಿನಲ್ಲಿ ದೇಶವೇ ಕಂಡಿದೆ. ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ವಿನೇಶ್ ಫೋಗಟ್ ಮೊದಲ ದಿನ 50 ಕಿಲೋ ಮಿತಿಯೊಳಗೇ ತೂಗಿದ್ದರು. ಕುಸ್ತಿಯಾಡಲು ಬೇಕಾದ ನೀರು ಮತ್ತು ಆಹಾರ ಸೇವಿಸಿದ ಮೇಲೆ ಅದೇ ಸಂಜೆ ತೂಕ ಎರಡೂವರೆ ಕಿಲೋಗೂ ಹೆಚ್ಚು ಏರಿತ್ತು. ರಾತ್ರಿಯಿಡೀ ಬೆವರು ಹರಿಸಿ, ಕೂದಲು ಕತ್ತರಿಸಿದರೂ ಮರುದಿನ ಬೆಳಗ್ಗೆ 100 ಗ್ರಾಂ ಉಳಿದೇಬಿಟ್ಟಿತು. ಅವರ ಮುಂದೆ ಒಲಿಂಪಿಕ್ ಫೈನಲ್ ಇತ್ತು, ಸುತ್ತ ವೈದ್ಯರಿದ್ದರು. ನಮ್ಮ ಅಧೀಕ್ಷಕರ ಮುಂದೆ ಇದ್ದದ್ದು ಅಕ್ಕನ ಮಗಳ ಆರತಕ್ಷತೆ. 1997ರ ಕೊನೆಯಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆಯೇ ಬೆವರಿಳಿಸಿ ತೂಕ ಇಳಿಸಲು ಹೋಗಿ ಪ್ರಾಣ ಕಳೆದುಕೊಂಡ ಮೇಲೆ ಅಲ್ಲಿಯ ಕಾಲೇಜು ಕುಸ್ತಿಯಲ್ಲಿ ರಬ್ಬರ್ ಉಡುಪನ್ನು ನಿಷೇಧಿಸಲಾಯಿತು. ನಮ್ಮಲ್ಲಿ ಅದು ಹಬ್ಬದ ರಿಯಾಯಿತಿಯಲ್ಲಿ ದೊರೆಯುತ್ತದೆ.

ಮೂರನೆಯ ವಾರ ಚಹಾ ಬಂತು. ಹಸಿರು ಡಬ್ಬಿ, ಅದರ ಮೇಲೊಂದು ಕಮಲ, ಒಳಗೆ ದೇಹದ “ವಿಷವನ್ನು ಹೊರಹಾಕುವ” ಪುಡಿ. ಯಾವ ವಿಷ ಎಂಬುದನ್ನು ಡಬ್ಬಿ ಹೇಳಲಿಲ್ಲ. ಮೂತ್ರಪಿಂಡಗಳು ಪ್ರತಿದಿನ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಬೇಡದ್ದನ್ನು ಒಂದೂವರೆ ಲೀಟರಿನಲ್ಲಿ ಹೊರಹಾಕುತ್ತವೆ. ಪಿತ್ತಜನಕಾಂಗ ತನ್ನ ಪಾಲಿನದನ್ನು ಸದ್ದಿಲ್ಲದೆ ಮಾಡುತ್ತದೆ. ಇಷ್ಟು ವರ್ಷ ರಜೆ, ಮುಂಬಡ್ತಿ, ತುಟ್ಟಿಭತ್ಯೆ ಒಂದನ್ನೂ ಕೇಳದೆ ದುಡಿದ ಈ ನೌಕರರ ಮೇಲೆ ಒಬ್ಬ ಗುತ್ತಿಗೆದಾರನನ್ನು ನೇಮಿಸಿದಂತಾಯಿತು. ಡಬ್ಬಿಯ ಹಿಂಬದಿಯಲ್ಲಿ, ಕನ್ನಡಕ ಹಾಕಿಕೊಂಡವರೂ ಕಣ್ಣು ಕಿರಿದಾಗಿಸಬೇಕಾದ ಅಕ್ಷರಗಳಲ್ಲಿ, ಗುತ್ತಿಗೆದಾರನ ನಿಜವಾದ ಹೆಸರಿತ್ತು: ಸೋನಾಮುಖಿ ಎಲೆ. ನಮ್ಮ ಅಜ್ಜಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವರು ಇದನ್ನು ಭೇದಿಯಾಗಲೆಂದು ಕೊಡುತ್ತಿದ್ದರು, ಹಾಗೆಂದೇ ಹೇಳಿ ಕೊಡುತ್ತಿದ್ದರು.

ರಾತ್ರಿ ಕುಡಿದರೆ ಆರರಿಂದ ಹನ್ನೆರಡು ಗಂಟೆಗಳಲ್ಲಿ, ಎಂದರೆ ಬೆಳಗಾಗುತ್ತಲೇ, ಅದರ ಪ್ರಭಾವ ತಿಳಿಯುತ್ತದೆ. ತಕ್ಕಡಿಯೂ ಅರ್ಧ ಕಿಲೋ ಇಳಿದು ಸಾಕ್ಷಿ ನುಡಿಯುತ್ತದೆ. ಆದರೆ ಸೋನಾಮುಖಿ ಕೆಲಸ ಮಾಡುವುದು ದೊಡ್ಡ ಕರುಳಿನಲ್ಲಿ. ಊಟದ ಕ್ಯಾಲೊರಿಯ ಬಹುಪಾಲನ್ನು ಸಣ್ಣ ಕರುಳು ಅದಕ್ಕೂ ಮೊದಲೇ ಹೀರಿ ರಕ್ತಕ್ಕೆ ಸೇರಿಸಿರುತ್ತದೆ. ಹೋಳಿಗೆ ಒಳಗೇ ಉಳಿಯುತ್ತದೆ. ಹೊರಹೋಗುವುದು ನೀರು ಮತ್ತು ಅದರ ಜೊತೆಗೆ ಪೊಟ್ಯಾಸಿಯಂ. ಅಧೀಕ್ಷಕರು ರಕ್ತದೊತ್ತಡಕ್ಕೆ ತೆಗೆದುಕೊಳ್ಳುತ್ತಿದ್ದ, ಮೂತ್ರ ಹೆಚ್ಚಿಸುವ ಮಾತ್ರೆಯೂ ಅದನ್ನೇ ಕಳೆಯುವಂಥದ್ದು. ಎರಡು ವಾರಗಳಲ್ಲಿ ರಾತ್ರಿ ಮೀನಖಂಡ ಹಿಡಿದುಕೊಳ್ಳತೊಡಗಿತು, ಹಾಸಿಗೆಯಿಂದ ಎದ್ದರೆ ತಲೆ ಸುತ್ತಿತು, ಒಂದು ದಿನ ಎದೆಬಡಿತ ತಪ್ಪಿದಂತಾಯಿತು. “ವಿಷ ಹೊರಗೆ ಹೋಗುವಾಗ ಹೀಗಾಗುವುದು ಸಹಜ” ಎಂದು ಚಹಾ ಮಾರಿದವರು ಫೋನಿನಲ್ಲಿ ಧೈರ್ಯ ತುಂಬಿದರು. ವೈದ್ಯರು ರಕ್ತಪರೀಕ್ಷೆ ಮಾಡಿಸಿ, ಪೊಟ್ಯಾಸಿಯಂ ಇಳಿದದ್ದನ್ನು ಕಂಡು, ಡಬ್ಬಿಯನ್ನು ಓದಿ ಅಲ್ಲಿಯೇ ಇಟ್ಟುಕೊಂಡರು. ಹೊರಹಾಕಬೇಕಾದ ವಸ್ತು ಯಾವುದು ಎಂಬ ಪ್ರಶ್ನೆಗೆ ಅಂತೂ ಉತ್ತರ ದೊರೆಯಿತು.

ಊಟ ಬಿಡುವ ಅಧ್ಯಾಯ ಚಿಕ್ಕದು. “ಲಂಘನಂ ಪರಮೌಷಧಂ” ಎಂದು ಹೇಳಿ ಅಧೀಕ್ಷಕರು ಮಧ್ಯಾಹ್ನದ ಮುದ್ದೆ, ಸಾರು, ಮಜ್ಜಿಗೆಯನ್ನು ರದ್ದುಪಡಿಸಿದರು. ಅದು ಜ್ವರ ಬಂದವನಿಗೆ ಹೇಳಿದ ಮಾತು ಎಂದು ಅವರ ಮನೆಯವರು ನೆನಪಿಸಿದ್ದು ವ್ಯರ್ಥವಾಯಿತು. ಉಳಿತಾಯ ಸುಮಾರು 500 ಕ್ಯಾಲೊರಿ. ಸಂಜೆ ಐದಕ್ಕೆ ಹಸಿವು ತಡೆಯಲಾರದೆ ಕಾಫಿಯ ಜೊತೆಗೆ ಬಾಯಿಗೆ ಬಿದ್ದದ್ದು ನಾಲ್ಕು ಹಿಡಿ ಖಾರದ ಮಿಕ್ಸ್ಚರ್. ನೂರು ಗ್ರಾಂ ಮಿಕ್ಸ್ಚರಿನಲ್ಲಿಯೇ 500 ಕ್ಯಾಲೊರಿಗೂ ಹೆಚ್ಚು ಇರುವುದರಿಂದ ಲಂಘನದ ಲೆಕ್ಕ ಕಾಫಿಗೆ ಮೊದಲೇ ಸಮವಾಗಿತ್ತು. ಇಡೀ ದಿನದ ಮೊತ್ತ ಇಳಿದರೆ ಒಂದು ಹೊತ್ತು ಬಿಟ್ಟವರ ತೂಕವೂ ಇಳಿಯುತ್ತದೆ, ಸರಿಯೇ. ಆದರೆ ಇಳಿಸುವುದು ಆ ಮೊತ್ತ, ಖಾಲಿ ತಟ್ಟೆಯಲ್ಲ. ಮೊದಲೆರಡು ದಿನ ತಕ್ಕಡಿ ತೋರುವ ಇಳಿಕೆಯಲ್ಲಿ ಹೆಚ್ಚಿನದು ಪಿತ್ತಜನಕಾಂಗ ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆ, ಮತ್ತು ಅದರ ಪ್ರತಿ ಗ್ರಾಮಿಗೂ ಅಂಟಿಕೊಂಡಿರುವ ಸುಮಾರು ಮೂರು ಗ್ರಾಂ ನೀರು. ಅಧೀಕ್ಷಕರಿಗೆ ಸಕ್ಕರೆ ಕಾಯಿಲೆ ಇಲ್ಲದಿದ್ದದ್ದು ಅದೃಷ್ಟ. ಇನ್ಸುಲಿನ್ ಅಥವಾ ಕೆಲವು ಮಾತ್ರೆಗಳನ್ನು ತೆಗೆದುಕೊಂಡು ಊಟ ಬಿಟ್ಟವರಿಗೂ ರಕ್ತದ ಸಕ್ಕರೆ ತೀರಾ ಇಳಿದು, ಮೈ ನಡುಗಿ ಬೆವರು ಕಿತ್ತು ಬರಬಹುದು. ಆ ಬೆವರಿಗೆ ತುರ್ತಾಗಿ ಬೇಕಾದದ್ದು ಸಕ್ಕರೆ.

ಇಷ್ಟೆಲ್ಲ ಆದ ಮೇಲೆ ಒಂದು ಸಂಜೆ ಅಧೀಕ್ಷಕರು ಕೆಂಪು ಪುಸ್ತಕ ಮುಚ್ಚಿ ಕೇಳಿದರು. “ಹಾಗಾದರೆ ಸ್ವಾಮಿ, ಬೆವರಿನಲ್ಲಿ ಹೋಗುವುದಿಲ್ಲ, ಭೇದಿಯಲ್ಲಿ ಹೋಗುವುದಿಲ್ಲ. ಈ ಕೊಬ್ಬು ಹೊರಗೆ ಹೋಗುವ ದಾರಿಯಾದರೂ ಯಾವುದು?”

ನಾನು ತಿಳಿದದ್ದನ್ನು ಹೇಳಿದೆ. ಹತ್ತು ಕಿಲೋ ಕೊಬ್ಬು ಪೂರ್ತಿ ಉರಿದರೆ 8.4 ಕಿಲೋದಷ್ಟು ಇಂಗಾಲದ ಡೈಆಕ್ಸೈಡ್ ಆಗಿ ಮೂಗಿನಿಂದಲೇ ಹೋಗುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ ಕುಳಿತಲ್ಲಿಯೇ ನೆಟ್ಟಗಾಗಿ ಜೋರಾಗಿ ಉಸಿರು ಬಿಡತೊಡಗಿದರು. ಸ್ನಾಯು ದುಡಿಯದೆ ಬರೀ ಉಸಿರನ್ನು ಹೆಚ್ಚಿಸಿದರೆ ಕೊಬ್ಬು ಉರಿಯುವುದಿಲ್ಲ, ತಲೆ ತಿರುಗುತ್ತದೆ ಎಂದು ನಾನು ಹೇಳಿ ಮುಗಿಸುವುದರೊಳಗೆ ಅವರಿಗೆ ತಲೆ ತಿರುಗಿತ್ತು.

ನಾವು ಕುಳಿತದ್ದು ಉದ್ಯಾನದ ಕಲ್ಲುಬೆಂಚಿನ ಮೇಲೆ. ನಮ್ಮ ಮಾತು ಬೇರೆಯವರಿಗೂ ಕೇಳಿಸಿರಬೇಕು. ಮುಂದಿನ ಸೋಮವಾರ ಕಂಬದ ಹಳದಿ ಚೀಟಿಯ ಮೇಲೆ ಹೊಸದೊಂದು ನೀಲಿ ಚೀಟಿ ಅಂಟಿತ್ತು: “ಮೂಗಿನ ಮೂಲಕ ಹೊಟ್ಟೆ ಕರಗಿಸಿ. 21 ದಿನಗಳ ಶಿಬಿರ. ಮೊದಲ ಐವತ್ತು ಮಂದಿಗೆ ಚಹಾ ಉಚಿತ.”