ಒಂದು ಅಲ್ಪವಿರಾಮ ಬಿಟ್ಟರೆ ಒಂದು ಅಂಕ ಹೋಗುತ್ತದೆ

ಅಕ್ಕನ ಮಗಳು ಹತ್ತನೇ ಕ್ಲಾಸು. ಅವಳ ಕನ್ನಡ ಪೂರ್ವಸಿದ್ಧತಾ ಪರೀಕ್ಷೆಯ ಪೇಪರ್ ನೋಡಿ ತಲೆ ಬಿಸಿಯಾಗಿದೆ. ಪ್ರೂಫ್ ನೋಡುವುದೇ ನನ್ನ ಕೆಲಸ ಅಂತ ನಿಮಗೆಲ್ಲ ಗೊತ್ತು. ಹಾಗಾಗಿ ಇವತ್ತು ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

'ಗದ್ಯಭಾಗವನ್ನು ಓದಿ ಉತ್ತರಿಸಿ' ಅನ್ನುವ ಪ್ರಶ್ನೆ ಇರುತ್ತದಲ್ಲ, ಅದರಲ್ಲಿ ಒಂದು ಹಳ್ಳಿಯ ಕೆರೆಯ ಬಗ್ಗೆ ಗದ್ಯ ಕೊಟ್ಟಿದ್ದಾರೆ. ಅದರಲ್ಲಿ ಈ ಸಾಲು ಇದೆ:

"ಕಳೆದ ವರ್ಷ ಹೂಳು ತೆಗೆದ ಕೆರೆಗೆ ನೀರು ಬಂತು."

ಪ್ರಶ್ನೆ: ಕೆರೆಗೆ ನೀರು ಬಂದದ್ದು ಯಾವಾಗ?

ಅವಳು ಬರೆದದ್ದು: "ಹೂಳು ತೆಗೆದದ್ದು ಕಳೆದ ವರ್ಷ. ನೀರು ಯಾವಾಗ ಬಂತು ಎಂದು ಗದ್ಯದಲ್ಲಿ ಹೇಳಿಲ್ಲ." ಅದಕ್ಕೆ ಸೊನ್ನೆ. ಸರಿ ಉತ್ತರ "ಕಳೆದ ವರ್ಷ" ಅಂತೆ.

ಸಾಲನ್ನು ಇನ್ನೊಮ್ಮೆ ಓದಿ. ಅದರಲ್ಲಿ ಎರಡು ಕ್ರಿಯೆ ಇವೆ, ಹೂಳು ತೆಗೆದದ್ದು ಒಂದು, ನೀರು ಬಂದದ್ದು ಇನ್ನೊಂದು. 'ಕಳೆದ ವರ್ಷ' ಯಾವುದಕ್ಕೆ ಸೇರಬೇಕು? ನಡುವೆ ತಡೆಯೇನೂ ಇಲ್ಲದಿದ್ದರೆ ಓದುವವರು ಹತ್ತಿರದ ಕ್ರಿಯೆಗೆ ಸೇರಿಸಿಕೊಳ್ಳುತ್ತಾರೆ. ಇಲ್ಲಿ ಹತ್ತಿರ ಇರುವುದು 'ತೆಗೆದ'. ಹುಡುಗಿ ಓದಿದ್ದು ಸರಿಯಾಗಿಯೇ ಇದೆ.

ಆ ಪ್ಯಾರಾ ಎಲ್ಲಿಂದ ತೆಗೆದದ್ದು ಅಂತ ಹುಡುಕಿದೆ, ಸಿಕ್ಕಿತು. ಮೂಲದಲ್ಲಿ ಹೀಗಿದೆ:

"ಕಳೆದ ವರ್ಷ, ಹೂಳು ತೆಗೆದ ಕೆರೆಗೆ ನೀರು ಬಂತು."

ಈಗ ಅರ್ಥ ಬೇರೆ. ಆ ಅಲ್ಪವಿರಾಮ 'ಕಳೆದ ವರ್ಷ'ವನ್ನು 'ತೆಗೆದ' ಕಡೆಗೆ ಹೋಗಲು ಬಿಡುವುದಿಲ್ಲ, ದಾಟಿಸಿ ಕೊನೆಯ 'ಬಂತು'ವಿಗೆ ಒಯ್ಯುತ್ತದೆ. ನೀರು ಬಂದದ್ದು ಕಳೆದ ವರ್ಷ. ಹೂಳು ಯಾವಾಗ ತೆಗೆದರೋ, ಅದನ್ನು ಸಾಲು ಹೇಳುವುದಿಲ್ಲ. ಪ್ರಶ್ನೆ ತೆಗೆದವರು ಮೂಲ ನೋಡಿಕೊಂಡು ಉತ್ತರ ಬರೆದಿದ್ದಾರೆ. ಟೈಪ್ ಮಾಡುವಾಗ ಚಿಹ್ನೆ ಬಿಟ್ಟುಹೋಗಿದೆ. ಆಮೇಲೆ ಯಾರೂ ಎರಡನ್ನೂ ಪಕ್ಕದಲ್ಲಿಟ್ಟು ನೋಡಿಲ್ಲ. ಮಕ್ಕಳಿಗೆ ಒಂದು ಸಾಲು ಕೊಟ್ಟು ಇನ್ನೊಂದು ಸಾಲಿಗೆ ಅಂಕ ಹಾಕಿದ್ದಾರೆ. ಇದು ಯಾವ ನ್ಯಾಯ?

ನಮ್ಮ ಭಾಷೆಯಲ್ಲಿ ಈ ಅಪಾಯ ಎಲ್ಲಿಂದ ಬರುತ್ತದೆ ಅಂದರೆ, ಮುಖ್ಯ ಕ್ರಿಯಾಪದ ವಾಕ್ಯದ ಕೊನೆಯಲ್ಲಿ ಕೂರುತ್ತದೆ. ಅದಕ್ಕೂ ಮೊದಲೇ 'ತೆಗೆದ', 'ಓಡುವ', 'ಬಂದ' ಥರದ ಪದಗಳು ನಾಮಪದದ ಮುಂದೆ ಸಾಲಾಗಿ ನಿಲ್ಲುತ್ತವೆ. ವಾಕ್ಯದ ಆರಂಭದಲ್ಲಿ ಕಾಲವನ್ನೋ ರೀತಿಯನ್ನೋ ಹೇಳುವ ಪದ ಬಂದರೆ ಅದಕ್ಕೆ ಎರಡು ದಾರಿ. "ಅಳುತ್ತಾ ಓಡುವ ಮಗುವನ್ನು ತಾಯಿ ಎತ್ತಿಕೊಂಡಳು" ಅಂದರೆ ಅಳುತ್ತಿರುವುದು ಮಗು. "ಅಳುತ್ತಾ, ಓಡುವ ಮಗುವನ್ನು ತಾಯಿ ಎತ್ತಿಕೊಂಡಳು" ಅಂದರೆ ಅಳುತ್ತಿರುವುದು ತಾಯಿ. 'ಅತ್ತವರು ಯಾರು?' ಅನ್ನುವ ಪ್ರಶ್ನೆಗೆ ಉತ್ತರ ಆ ಒಂದು ಚಿಹ್ನೆಯಲ್ಲಿದೆ.

ಹೀಗಿದ್ದೂ ಶಾಲೆಯಲ್ಲಿ ಹೇಳಿಕೊಡುವುದು ಏನು? ಕಾಮಾ ಬಂದರೆ ಸ್ವಲ್ಪ ನಿಲ್ಲಿ, ಫುಲ್‌ಸ್ಟಾಪ್ ಬಂದರೆ ಪೂರ್ತಿ ನಿಲ್ಲಿ. ಅಷ್ಟೇ. ಗಟ್ಟಿಯಾಗಿ ಓದುವಾಗ ಅದು ಸರಿ. ಆದರೆ ಪರೀಕ್ಷೆ ಹಾಲ್‌ನಲ್ಲಿ ಮಗು ಬಾಯಿಬಿಟ್ಟು ಓದುವುದಿಲ್ಲ, ಕಣ್ಣಲ್ಲಿ ಓದುತ್ತದೆ. ಆಗ ಅದಕ್ಕೆ ಬೇಕಾದದ್ದು ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದಲ್ಲ, ಯಾವ ಪದ ಯಾವುದಕ್ಕೆ ಸೇರಿದೆ ಅನ್ನುವುದು.

ಅಡ್ಡಗೆರೆಯ ಕಥೆ ಇನ್ನೂ ಕೆಟ್ಟದ್ದು. ಅದೇ ಗದ್ಯದ ಇನ್ನೊಂದು ಸಾಲು ನೋಡಿ. ಮೂಲದಲ್ಲಿ ಇರುವುದು ಇದು:

"ಊರಿನ ಎರಡು ಕೆರೆಗಳು – ಹಿರೇಕೆರೆ, ಹೊಸಕೆರೆ – ಮತ್ತು ಗೋಕಟ್ಟೆ ಬತ್ತಿಹೋಗಿವೆ."

ಬತ್ತಿದ್ದು ಮೂರು. ಎರಡು ಕೆರೆ, ಒಂದು ಗೋಕಟ್ಟೆ. ಎರಡು ಗೆರೆಗಳ ನಡುವೆ ಇರುವುದು ಹೊಸ ಸಂಗತಿ ಅಲ್ಲ, ಆಗಲೇ ಹೇಳಿದ ಕೆರೆಗಳ ಹೆಸರು. ಪೇಪರಿನಲ್ಲಿ ಆ ಗೆರೆಗಳ ಜಾಗದಲ್ಲಿ ಅಲ್ಪವಿರಾಮ ಹಾಕಿದ್ದಾರೆ: "ಊರಿನ ಎರಡು ಕೆರೆಗಳು, ಹಿರೇಕೆರೆ, ಹೊಸಕೆರೆ ಮತ್ತು ಗೋಕಟ್ಟೆ ಬತ್ತಿಹೋಗಿವೆ." ಇದನ್ನು ಪಟ್ಟಿ ಅಂತ ಓದಿ 'ಐದು' ಅಂದ ಮಗುವನ್ನು ತಪ್ಪು ಅನ್ನಲು ಆಗುವುದಿಲ್ಲ. ಎರಡು ಹೆಸರಿಲ್ಲದ ಕೆರೆ, ಆಮೇಲೆ ಹೆಸರಿರುವ ಮೂರು.

ಇದಕ್ಕಿಂತ ಜಾಸ್ತಿ ನಾನು ಕೆಲಸದಲ್ಲಿ ಕಾಣುವುದು ಮೊದಲ ಗೆರೆ ಉಳಿದು ಎರಡನೆಯದು ಮಾಯವಾಗುವುದು. "ಊರಿನ ಕೆರೆಗಳು – ಹಿರೇಕೆರೆ, ಹೊಸಕೆರೆ ಮತ್ತು ಗೋಕಟ್ಟೆ ಬತ್ತಿಹೋಗಿವೆ." ಈಗ ಗೋಕಟ್ಟೆಯೂ ಕೆರೆಗಳ ಪಟ್ಟಿಗೆ ಸೇರಿತು. 'ಊರಿನಲ್ಲಿ ಬತ್ತಿದ ಕೆರೆಗಳೆಷ್ಟು?' ಅಂತ ಕೇಳಿದರೆ ಉತ್ತರ ಎರಡೋ ಮೂರೋ? ವಿವರಣೆ ಎಲ್ಲಿ ಮುಗಿಯಿತು ಅಂತ ಹೇಳುತ್ತಿದ್ದುದು ಆ ಎರಡನೇ ಗೆರೆ ಒಂದೇ. ದನಕರು ನೀರು ಕುಡಿಯುವ ಕಟ್ಟೆಯನ್ನು ಕೆರೆ ಅನ್ನುವುದಿಲ್ಲ ಅಂತ ಹಳ್ಳಿ ಮಗುವಿಗೆ ಗೊತ್ತು. ಅಪಾರ್ಟ್‌ಮೆಂಟಿನಲ್ಲಿ ಬೆಳೆದ ಮಗುವಿಗೆ ಹೇಗೆ ಗೊತ್ತಾಗಬೇಕು? ಅದು ಆ ಗೆರೆಯನ್ನೇ ನಂಬಿಕೊಂಡಿರುತ್ತದೆ.

ಅರ್ಧವಿರಾಮವನ್ನಂತೂ ನಮ್ಮಲ್ಲಿ ಬಳಸುವವರೇ ಕಡಿಮೆ. ಆದರೂ ಒಂದು ಕಡೆ ಅದು ಬೇಕೇ ಬೇಕು. "ಸಭೆಗೆ ಲಕ್ಷ್ಮಮ್ಮ, ಪಂಚಾಯಿತಿ ಅಧ್ಯಕ್ಷೆ; ತಿಮ್ಮಪ್ಪ, ಕೆರೆ ಸಮಿತಿ ಕಾರ್ಯದರ್ಶಿ; ಶಾರದಮ್ಮ, ಮುಖ್ಯೋಪಾಧ್ಯಾಯಿನಿ ಬಂದಿದ್ದರು." ಬಂದವರು ಮೂವರು. ಆ ಎರಡು ಅರ್ಧವಿರಾಮ ತೆಗೆದು ಅಲ್ಪವಿರಾಮ ಹಾಕಿ ನೋಡಿ, ಆರು ಜನ ಆಗುತ್ತಾರೆ.

ಇದನ್ನೆಲ್ಲ ಹೇಳಿದಾಗ ಒಬ್ಬ ಹಿರಿಯ ಮೇಷ್ಟ್ರು ಕೇಳಿದರು: "ಪಂಪನ ಕಾಲದಲ್ಲಿ ಕಾಮಾ ಇತ್ತೇನಮ್ಮ? ಕನ್ನಡಕ್ಕೆ ಇದೆಲ್ಲ ಅಚ್ಚುಕೂಟದ ಜೊತೆ ಬಂದದ್ದು. ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಬೇಕು." ಮೇಷ್ಟ್ರ ಮೇಲೆ ನನಗೆ ಗೌರವ ಇದೆ, ಮಾತನ್ನು ಮಾತ್ರ ಒಪ್ಪುವುದಿಲ್ಲ. ತಾಳೆಗರಿಯಲ್ಲಿ ಪದಗಳ ನಡುವೆ ಜಾಗವೂ ಇರುತ್ತಿರಲಿಲ್ಲ, ನಿಜ. ಆದರೆ ಆ ಕಾವ್ಯಕ್ಕೆ ಛಂದಸ್ಸಿತ್ತು, ಓದಿ ಬಿಡಿಸಿ ಹೇಳುವ ಗಮಕಿ ಇದ್ದರು. ನಮ್ಮ ವಿಭಕ್ತಿ ಪ್ರತ್ಯಯಗಳೂ ಅರ್ಧ ಕೆಲಸ ಮಾಡುತ್ತವೆ. 'ಮಗುವನ್ನು' ಅಂದ ತಕ್ಷಣ ಎತ್ತಿಕೊಂಡದ್ದು ಯಾರನ್ನು ಅಂತ ತಿಳಿಯುತ್ತದೆ. ಆದರೆ 'ಕಳೆದ ವರ್ಷ'ಕ್ಕೆ, 'ಅಳುತ್ತಾ'ಗೆ ತಾನು ಯಾವ ಕ್ರಿಯೆಗೆ ಸೇರಿದ್ದು ಅಂತ ತೋರಿಸುವ ಪ್ರತ್ಯಯ ಇಲ್ಲ. ಇನ್ನು ಸಂದರ್ಭದ ಮಾತು. ಕೆರೆಯ ಗದ್ಯದಲ್ಲಿ ಹಿಂದಿನ ಸಾಲು, ಮುಂದಿನ ಸಾಲು ಎರಡನ್ನೂ ನೋಡಿದೆ, ಯಾವ ಸುಳಿವೂ ಇಲ್ಲ. ಮಗು ಸಂದರ್ಭವನ್ನು ಎಲ್ಲಿಂದ ತರಬೇಕು?

ಪ್ರಶ್ನೆ ತೆಗೆಯುವವರಿಗೆ ಇದು ದೊಡ್ಡ ಕೆಲಸ ಅಲ್ಲ. ವಾಕ್ಯದ ಮೊದಲ ಪದಕ್ಕೆ ಎರಡು ಕ್ರಿಯೆ ಸಿಗುತ್ತದೆಯೇ ಅಂತ ನೋಡಬೇಕು. ಸಿಕ್ಕರೆ ಆ ಪದವನ್ನು ಅದರ ಕ್ರಿಯೆಯ ಪಕ್ಕಕ್ಕೇ ತರಬಹುದು. "ಹೂಳು ತೆಗೆದ ಕೆರೆಗೆ ಕಳೆದ ವರ್ಷ ನೀರು ಬಂತು." ಇಲ್ಲಿ ಚಿಹ್ನೆ ಬಿದ್ದುಹೋದರೂ ಅರ್ಥ ಕೆಡುವುದಿಲ್ಲ. ಮೂಲವನ್ನು ಹಾಗೇ ಇಡಬೇಕು ಅಂದರೆ, ಅಚ್ಚಾದ ಪ್ರತಿಯನ್ನು ಉತ್ತರ ಗೊತ್ತಿಲ್ಲದ ಇನ್ನೊಬ್ಬ ಟೀಚರ್ ಕೈಗೆ ಕೊಟ್ಟು ಬಿಡಿಸಲು ಹೇಳಬೇಕು. ಅವರ ಉತ್ತರ ಬೇರೆ ಬಂದರೆ ಮೊದಲು ಸಾಲನ್ನು ನೋಡಬೇಕು, ಆಮೇಲೆ ಟೀಚರ್‌ನ.

ಮನೆಯಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿದ್ದರೆ ಒಂದು ಮಾತು. ಸಾಲು ಎರಡು ರೀತಿ ಕಂಡರೆ ಸುಮ್ನೆ ಊಹೆ ಮಾಡಿ ಬರೆಯಬೇಡಿ ಅನ್ನಿ. ಪೇಪರಿನಲ್ಲಿ ಅಚ್ಚಾದ ಸಾಲನ್ನು ಚಿಹ್ನೆ ಸಮೇತ ಉತ್ತರದಲ್ಲಿ ಬರೆದು, ಅದರ ಕೆಳಗೆ ತಮ್ಮ ಉತ್ತರ ಬರೆಯಲಿ. ಮರುಮೌಲ್ಯಮಾಪನಕ್ಕೆ ಹಾಕಿದರೆ, ಮಗು ಯಾವ ಸಾಲಿಗೆ ಉತ್ತರಿಸಿದೆ ಅನ್ನುವುದು ಅಲ್ಲೇ ಕಣ್ಣಿಗೆ ಬೀಳುತ್ತದೆ.