ಮಾವನ ಪದ್ಯ ಮಗುವಿನ ಬಾಯಿಗೆ ತಲುಪಬೇಕು

ನಿನ್ನೆ ಅಕ್ಕನ ಮಗಳಿಗೆ ಅನ್ನಪ್ರಾಶನ. ಹೆಣ್ಣುಮಗುವಿಗೆ ಬೆಸ ತಿಂಗಳು ಎಂದು ಏಳನೇ ತಿಂಗಳಿನಲ್ಲಿ ಇಟ್ಟುಕೊಂಡಿದ್ದರು. ಪುಟ್ಟಿ ನನ್ನ ತೊಡೆಯ ಮೇಲಿದ್ದಳು, ಎದುರಿಗೆ ಬೆಳ್ಳಿ ಬಟ್ಟಲಿನಲ್ಲಿ ಪಾಯಸ. ಆಗ ನಮ್ಮ ದೊಡ್ಡಮ್ಮ ನನ್ನ ಕೈಗೆ ಒಂದು ಹಾಳೆ ಕೊಟ್ಟು, "ಸೋದರಮಾವ ನೀನೇ ಓದಬೇಕಪ್ಪಾ" ಎಂದರು. ಇಪ್ಪತ್ತನಾಲ್ಕು ಸಾಲಿನ ಪದ್ಯ. ವೈದ್ಯೆಯಾಗು, ಜಿಲ್ಲಾಧಿಕಾರಿಯಾಗು, ವಂಶದ ಕೀರ್ತಿ ಬೆಳಗು! ಇನ್ನೂ ಅನ್ನದ ರುಚಿಯೇ ಕಾಣದ ಕೂಸಿಗೆ ಇಷ್ಟೊಂದು ಭಾರವೇ? ಸಿಟ್ಟು ಬಂತು. ಹಾಳೆಯನ್ನು ಮಡಿಸಿ ಪಕ್ಕಕ್ಕಿಟ್ಟೆ.

ಒಪ್ಪಿಕೊಳ್ಳುತ್ತೇನೆ, ಪುಟ್ಟಿಗಾಗಿ ನಾನೇ ಬರೆದ ಪದ್ಯದ ಮೊದಲ ಕರಡಿನಲ್ಲೂ 'ಕೀರ್ತಿ' ಇತ್ತು. ಹಿಂದಿನ ರಾತ್ರಿ ಅದನ್ನೆಲ್ಲ ಹೊಡೆದುಹಾಕಿ ಆರು ಸಾಲು ಉಳಿಸಿಕೊಂಡಿದ್ದೆ:

ಬಾರೇ ಪುಟ್ಟೀ ಮಾವನ ತೊಡೆಗೆ
ತೋರೇ ಎರಡೇ ಹಲ್ಲಿನ ನಗೆಯ
ಅವ್ವನ ಹಾಲಿಗೆ ಬೇಸರ ಬೇಡ
ಬುವ್ವದ ತುತ್ತೂ ನಿನ್ನದೆ ಈಗ
ಒಂದೇ ಅಗುಳಿದು ಬಾಯನು ತೆರೆಯೆ
ಮುಂದಿನ ತುತ್ತನು ನೀನೇ ಕರೆಯೆ

ನಾಲ್ಕು ಮಾತ್ರೆಯ ಗಣಗಳು, ತೊಡೆ ಅಲುಗಿಸುವ ಲಯಕ್ಕೆ ಸರಿಯಾಗಿ. ಸಾಲಿನ ಕೊನೆಯ ಗಣದಲ್ಲಿ ಮಾತ್ರ ಮೂರೇ ಮಾತ್ರೆ. ಉಳಿದ ಒಂದು ಮಾತ್ರೆಯ ಮೌನವನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ 'ತೆರೆಯೆ' ಎಂದ ಮೇಲೆ ನಾನು ಬಾಯಿ ತೆರೆದು ತೋರಿಸಲು ಜಾಗ ಬೇಕು. ಬಾರೇ-ತೋರೇ, ಅವ್ವ-ಬುವ್ವ, ಒಂದೇ-ಮುಂದಿನ ಎಂದು ಎರಡನೇ ಅಕ್ಷರಕ್ಕೆ ಪ್ರಾಸ ಹಿಡಿದದ್ದರಿಂದ ಹಾಳೆ ನೋಡದೆ ಹೇಳಬಹುದು. ಹಾಳೆ ನೋಡುವವನು ಮಗುವನ್ನು ನೋಡಲಾರ.

"ಮಗುವಿಗೆ ಏನು ಅರ್ಥವಾಗುತ್ತದೆ? ಪದ್ಯ ದೊಡ್ಡವರ ಸಂತೋಷಕ್ಕಲ್ಲವೇ?" ಎಂದರು ಭಾವ. ಅರ್ಥವಾಗುವುದಿಲ್ಲ, ನಿಜ. ಆದರೆ ಅವಳು ತುಟಿ ನೋಡುತ್ತಾಳೆ. 'ಬಾರೇ', 'ಪುಟ್ಟೀ', 'ಮಾವ', 'ಬುವ್ವ' ಎನ್ನುವಾಗ ತುಟಿಗಳು ಕೂಡಿ ಬಿಡುವುದು ಅವಳಿಗೆ ಕಾಣುತ್ತದೆ. 'ಜಿಲ್ಲಾಧಿಕಾರಿ'ಯಲ್ಲಿ ತುಟಿ ಒಮ್ಮೆಯೂ ಕೂಡುವುದಿಲ್ಲ. ದೊಡ್ಡವರ ಸಂತೋಷಕ್ಕೆ ಊಟದೆಲೆ ಇದೆ, ಮೊಬೈಲ್ ಇದೆ. ಈ ಆರು ಸಾಲು ಅವಳದು.

ಐದನೇ ಸಾಲಿಗೆ ನಾನು ಬಾಯಿ ತೆರೆದೆ, ಅವಳೂ ತೆರೆದಳು. ಉಂಗುರದ ಅಂಚಿನಲ್ಲಿ ತೆಗೆದ ಒಂದು ಮೆತ್ತನೆಯ ಅಗುಳನ್ನು ನಾಲಿಗೆಗೆ ಮುಟ್ಟಿಸಿದೆ. ಮೂಗು ಸುಕ್ಕಾಯಿತು, ನಾಲಿಗೆ ಅಗುಳನ್ನು ಹೊರಕ್ಕೆ ತಳ್ಳಿತು. "ಅಯ್ಯೋ, ಬೇಡವಂತೆ" ಎಂದು ಯಾರೋ ಕೂಗಿದರು. ಬೇಡ ಎಂದಲ್ಲ, ಇದುವರೆಗೆ ಹಾಲು ಚೀಪಿದ ನಾಲಿಗೆಗೆ ತಿಳಿದ ಚಲನೆ ಅದೊಂದೇ. ಬಲವಂತ ಮಾಡಲಿಲ್ಲ, ಗಲ್ಲ ಒರೆಸಿ ಮತ್ತೆ ಮೊದಲ ಸಾಲಿನಿಂದ ಹೇಳಿದೆ. ಎರಡನೇ ಸಲ ಐದನೇ ಸಾಲು ಮುಗಿಯುವ ಮೊದಲೇ ಅವಳು ನನ್ನ ಬೆರಳನ್ನು ಎರಡೂ ಕೈಯಿಂದ ಹಿಡಿದು ಬಾಯಿಗೆ ಎಳೆದುಕೊಂಡಳು. ಆರನೇ ಸಾಲನ್ನು ಹೇಳಲು ನನ್ನ ಗಂಟಲಿನಿಂದ ಸ್ವರವೇ ಹೊರಡಲಿಲ್ಲ.